ಮಳೆಗಾಲದಲ್ಲಿ ಹಾರ್ಮೋನಿಯಂ ಶ್ರುತಿ ಬಿಡುವುದೇಕೆ: ಅರ ಹಿಡಿಯುವ ಮೊದಲು ಮಾಡಬೇಕಾದ ಕೆಲಸ

ಕುಂಬಳೆಯ ಕಡಲ ಬದಿಯ ಒಂದು ಭಜನಾ ಮಂದಿರದಿಂದ ಆಟಿ ತಿಂಗಳಲ್ಲಿ ಫೋನ್ ಬಂತು. "ಮಾಷ್ಟ್ರೇ, ಪೆಟ್ಟಿಗೆ ಶ್ರುತಿ ಬಿಟ್ಟಿದೆ. ಕಳೆದ ವರ್ಷವೇ ರಿಪೇರಿ ಮಾಡಿಸಿದ್ದು. ಈಗ ಪುನಃ ಹಾಗೇ." ಹೋಗಿ ನೋಡಿದೆ. ಹಾರ್ಮೋನಿಯಂ ಗೋಡೆಯ ಬದಿಯಲ್ಲಿ, ಸಿಮೆಂಟ್ ನೆಲದ ಮೇಲೆ, ರೆಕ್ಸಿನ್ ಹೊದಿಕೆಯೊಳಗೆ ಕೂತಿತ್ತು. ಹೊದಿಕೆಯ ಒಳಮೈ ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತಿತ್ತು. ಹಿಂದಿನ ವರ್ಷದ ರಿಪೇರಿ ನಡೆದದ್ದು ಯಾವಾಗ ಎಂದು ಕೇಳಿದೆ. "ಜುಲೈಯಲ್ಲಿ" ಎಂದರು. ಅರ್ಧ ಕಥೆ ಅಲ್ಲೇ ಗೊತ್ತಾಯಿತು.

ನಮ್ಮ ಕಡೆ ಹಾರ್ಮೋನಿಯಂಗಳು ಹಾಳಾಗುವುದು ಮಳೆಯಿಂದ ಎಷ್ಟೋ, ಮಳೆಗಾಲದಲ್ಲಿ ಮಾಡುವ ರಿಪೇರಿಯಿಂದಲೂ ಅಷ್ಟೇ. ಹಾಗಾಗಿ ಇಲ್ಲಿ ಶ್ರುತಿ ಕೂರಿಸುವ ಕೆಲಸವನ್ನು ಕೊನೆಗೆ ಇಟ್ಟಿದ್ದೇನೆ. ಮೊದಲು ಏನು ಕೆಟ್ಟಿದೆ ಎಂದು ಹುಡುಕುವುದು, ಆಮೇಲೆ ಒಣಗಿಸುವುದು, ಆಮೇಲೆ ಶುಚಿ ಮಾಡುವುದು. ಇಷ್ಟರಲ್ಲೇ ಎಷ್ಟೋ ರೀಡುಗಳು ತಾವಾಗಿ ಸರಿಹೋಗುತ್ತವೆ.

ಹಿತ್ತಾಳೆ ನೀರು ಕುಡಿಯುವುದಿಲ್ಲ

ರೀಡು ಎಂದರೆ ಹಿತ್ತಾಳೆಯ ಒಂದು ಸಣ್ಣ ಚೌಕಟ್ಟು, ಅದರ ಸೀಳಿನ ಮೇಲೆ ಹಿತ್ತಾಳೆಯದ್ದೇ ಒಂದು ನಾಲಿಗೆ. ನಾಲಿಗೆಯ ಬುಡವನ್ನು ಚೌಕಟ್ಟಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ತುದಿ ಬಿಡುವಾಗಿರುತ್ತದೆ. ಗಾಳಿ ಬಂದಾಗ ನಾಲಿಗೆ ಸೀಳಿನೊಳಗೆ ಹೋಗಿ ಬಂದು ಅದುರುತ್ತದೆ. ನಾಲಿಗೆಗೂ ಸೀಳಿನ ಅಂಚಿಗೂ ನಡುವೆ ಇರುವ ಜಾಗ ಒಂದು ಕೂದಲೆಳೆಯಷ್ಟು.

ನಾಲಿಗೆಯ ಬಿಗಿ ಮತ್ತು ತೂಕ ಸೇರಿ ಶ್ರುತಿಯನ್ನು ತೀರ್ಮಾನಿಸುತ್ತವೆ. ಗಾಳಿಯ ತೇವ ಇವೆರಡನ್ನೂ ನೇರವಾಗಿ ಬದಲಿಸುವುದಿಲ್ಲ. ಸೆಕೆಯಾದರೆ ಹಿತ್ತಾಳೆ ಸ್ವಲ್ಪ ಮೆತ್ತಗಾಗುತ್ತದೆ, ಶ್ರುತಿ ಇಳಿಯುತ್ತದೆ, ಆದರೆ ಅದು 10 ಡಿಗ್ರಿಗೆ ಸುಮಾರು 3-4 ಸೆಂಟ್ ಮಾತ್ರ. (ಇಲ್ಲಿ ಸೆಂಟ್ ಎಂದರೆ ಜಾಗದ ಲೆಕ್ಕ ಅಲ್ಲ. ಹಾರ್ಮೋನಿಯಂನಲ್ಲಿ ಬೆರಳಿನಿಂದ ಒತ್ತುವ ಪಟ್ಟಿಗೆ ಮನೆ ಎನ್ನುತ್ತೇವೆ. ಬಿಳಿ, ಕಪ್ಪು ಎಲ್ಲ ಸೇರಿಸಿ ಪಕ್ಕಪಕ್ಕದ ಎರಡು ಮನೆಗಳ ಸ್ವರದ ನಡುವಿನ ಅಂತರವನ್ನು 100 ಪಾಲು ಮಾಡಿದರೆ ಒಂದು ಪಾಲು.) ಹಾಗೆ ನೋಡಿದರೆ ಏಪ್ರಿಲ್‌ನ ಸೆಕೆಗಿಂತ ಜುಲೈಯ ತಂಪಿನಲ್ಲಿ ರೀಡು ಒಂದೆರಡು ಸೆಂಟ್ ಏರಬೇಕು. ಅದೂ ಎಲ್ಲ ರೀಡುಗಳೂ ಒಟ್ಟಿಗೇ ಏರುವುದರಿಂದ ಕಿವಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಒಂದೊಂದೇ ರೀಡು ಕುಸಿಯುವುದು ಯಾಕೆ? ಕಾರಣ ನಾಲಿಗೆಯ ಮೇಲೆ ಕೂತ ಕೊಳೆ, ಮತ್ತು ಅದರ ಸುತ್ತಲಿನ ಮರ.

ಕೊಳೆಯ ವಿಷಯ ಮೊದಲು. ಕಡಲ ಗಾಳಿಯಲ್ಲಿ ಉಪ್ಪಿನ ಧೂಳು ಇರುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ? ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಹೀರಿ ಕರಗುತ್ತದೆ. ರೀಡಿನ ಮೇಲೆ ಕೂತ ಉಪ್ಪಿಗೂ ಇದೇ ಆಗುತ್ತದೆ. ಆ ಒದ್ದೆಗೆ ಊದುಬತ್ತಿಯ ಹೊಗೆ, ದೀಪದ ಎಣ್ಣೆಯ ಪಸೆ, ಬಟ್ಟೆಯ ನಾರು ಎಲ್ಲ ಅಂಟಿಕೊಳ್ಳುತ್ತವೆ. ಕೆಳಗೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಇವೆಲ್ಲ ನಾಲಿಗೆಯ ತುದಿಯಲ್ಲಿ ಕೂತರೆ ತುದಿ ಭಾರವಾಗುತ್ತದೆ, ಅದುರುವುದು ನಿಧಾನವಾಗುತ್ತದೆ, ಶ್ರುತಿ ಇಳಿಯುತ್ತದೆ.

ಎಷ್ಟು ಭಾರ ಬೇಕು? ಮಧ್ಯದ ಮನೆಯ ಒಂದು ರೀಡಿನ ನಾಲಿಗೆ ಸುಮಾರು 20 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲ, 0.3 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಅದರ ತೂಕ 150 ಮಿಲಿಗ್ರಾಂ ಆಸುಪಾಸು. ಅದರ ತುದಿಗೆ ಅರ್ಧ ಮಿಲಿಗ್ರಾಂ ಅಂಟಿದರೆ ಸಾಕು, ಶ್ರುತಿ 10 ಸೆಂಟ್ ಇಳಿಯುತ್ತದೆ. ಅರ್ಧ ಮಿಲಿಗ್ರಾಂ ಎಂದರೆ ಸಕ್ಕರೆಯ ಒಂದು ಹರಳಿನಷ್ಟು. ತಾರಸ್ಥಾಯಿಯ ರೀಡುಗಳು ಇನ್ನೂ ಚಿಕ್ಕವು. ಅವಕ್ಕೆ ಇದಕ್ಕಿಂತಲೂ ಕಡಿಮೆ ಸಾಕು. ಮಳೆಗಾಲದಲ್ಲಿ ಮೇಲಿನ ಮನೆಗಳೇ ಮೊದಲು ಬೇಸುರಾಗುವುದು ಇದಕ್ಕೇ.

ಇನ್ನು ಮರ. ರೀಡುಗಳನ್ನು ಸ್ಕ್ರೂ ಹಾಕಿ ಕೂರಿಸಿರುವುದು ಮರದ ಹಲಗೆಗೆ. ಮರ ಶೀತ ಹೀರಿದರೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಹಿಗ್ಗಿದ ಹಲಗೆ ಸ್ವಲ್ಪ ಸೊಟ್ಟಗಾಗುತ್ತದೆ, ಹಲಗೆಗೂ ಪೆಟ್ಟಿಗೆಗೂ ನಡುವೆ ಗಾಳಿ ಸೋರುತ್ತದೆ. ಹಿಗ್ಗಿದ ಮರ ಸ್ಕ್ರೂವಿನ ಸುತ್ತ ತಾನೇ ಒತ್ತಿಹೋಗಿ, ಒಣಗಿದ ಮೇಲೆ ಸ್ಕ್ರೂ ಸಡಿಲವಾಗುತ್ತದೆ. ಸ್ಕ್ರೂ ಸಡಿಲವಾದರೆ ರೀಡಿನ ಚೌಕಟ್ಟು ಹಲಗೆಯ ಮೇಲೆ ತಾನೂ ಅದುರುತ್ತದೆ. ಆಗ ಶ್ರುತಿ ಒಂದು ಕಡೆ ನಿಲ್ಲುವುದಿಲ್ಲ.

ಮೊದಲ ಹೆಜ್ಜೆ: ಪ್ರತಿ ಮನೆಯನ್ನೂ ಬರೆದುಕೊಳ್ಳಿ

ಫೋನಿನಲ್ಲಿ ಯಾವುದಾದರೂ ಒಂದು ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ಹರ್ಟ್ಸ್ ಮತ್ತು ಸೆಂಟ್ ಎರಡನ್ನೂ ತೋರಿಸಿದರೆ ಸಾಕು. ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲ ಮನೆಗಳನ್ನೂ ಒಂದೊಂದಾಗಿ ಅಳೆಯಿರಿ. ಕೆಳಸ್ಥಾಯಿಯ ಬಾಸ್, ಅದಕ್ಕಿಂತ ಒಂದು ಸ್ಥಾಯಿ ಎತ್ತರದ ಮೇಲ್ ಎಂದು ಎರಡು ಸಾಲು ರೀಡು ಇದ್ದರೆ ಸ್ಟಾಪ್ ಎಳೆದು ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಅಳೆಯಬೇಕು. ಸ್ಟಾಪಿನಲ್ಲಿ ಬೇರೆಯಾಗದ ಪೆಟ್ಟಿಗೆಯಾದರೆ ಹಲಗೆ ಬಿಚ್ಚಿ, ಒಂದು ಸಾಲಿನ ರೀಡಿನ ನಾಲಿಗೆಗೆ ಅಡ್ಡವಾಗಿ ಕಾಗದದ ತುಂಡು ತೂರಿಸಿ ಅದನ್ನು ಸುಮ್ಮನಾಗಿಸಿ.

ಅಳೆಯುವಾಗ ತಿದಿಯನ್ನು ಒಂದೇ ಸಮ ಮೆತ್ತಗೆ ಹಾಕಿ. ಜೋರಾಗಿ ಒತ್ತಿದರೆ ರೀಡಿನ ಶ್ರುತಿ ತುಸು ಇಳಿಯುತ್ತದೆ, ಮಂದ್ರದ ರೀಡುಗಳಲ್ಲಿ ಇದು ಜಾಸ್ತಿ. ಒಂದು ಮನೆಯನ್ನು ಮೆತ್ತಗೆ, ಇನ್ನೊಂದನ್ನು ಜೋರಾಗಿ ಬಾರಿಸಿ ಅಳೆದರೆ ಬರೆದ ಲೆಕ್ಕ ಎಲ್ಲ ಸುಳ್ಳು.

ಈಗ ಲೆಕ್ಕ ಓದುವುದು ಹೇಗೆ? ಎಲ್ಲ ಮನೆಗಳೂ ಒಟ್ಟಿಗೇ 4 ಸೆಂಟ್ ಮೇಲೆ ಅಥವಾ 4 ಸೆಂಟ್ ಕೆಳಗೆ ಇದ್ದರೆ ಏನೂ ಕೆಟ್ಟಿಲ್ಲ. ತಯಾರಿಸಿದವರು ಹಾಗೇ ಕೂರಿಸಿರಬಹುದು, ಇಲ್ಲವಾದರೆ ಅದು ಆವತ್ತಿನ ಸೆಕೆಯ ವ್ಯತ್ಯಾಸ. ಗುಂಪಿನಿಂದ ಹೊರಗೆ ಬಿದ್ದ ಮನೆ ಯಾವುದು ಎಂಬುದೇ ಮುಖ್ಯ.

ಮಂದಿರದ ಪೆಟ್ಟಿಗೆಯಲ್ಲಿ ಹೆಚ್ಚಿನ ಮನೆಗಳು 2 ಸೆಂಟ್ ಮೇಲಿನಿಂದ 3 ಸೆಂಟ್ ಕೆಳಗಿನ ನಡುವೆ ಇದ್ದವು. ನಾಲ್ಕು ಮನೆ ಮಾತ್ರ ಗುಂಪಿಗೆ ಸೇರುತ್ತಿರಲಿಲ್ಲ. ಮಧ್ಯಸ್ಥಾಯಿಯ ಆರನೇ ಬಿಳಿ ಮನೆ, ಅಂದರೆ ಬಿಳಿ ಆರು, ಮೇಲ್ ಸಾಲಿನದ್ದು, 14 ಸೆಂಟ್ ಕೆಳಗೆ ಇತ್ತು, ಅಲುಗಾಡದೆ ಅಲ್ಲೇ ನಿಂತಿತ್ತು. ಕಪ್ಪು ಮೂರು 5ರಿಂದ 12 ಸೆಂಟ್ ಕೆಳಗಿನವರೆಗೆ ಓಲಾಡುತ್ತಿತ್ತು. ಬಾಸಿನ ಬಿಳಿ ಒಂದು ತಡವಾಗಿ ಬಾಯಿ ಬಿಡುತ್ತಿತ್ತು. ತಾರದ ಬಿಳಿ ಎರಡು ಜೀರುಂಡೆಯ ಹಾಗೆ ಜಿರ್ರೆನ್ನುತ್ತಿತ್ತು.

ನಾಲ್ಕಕ್ಕೂ ಲಕ್ಷಣ ಬೇರೆ, ಹಾಗಾಗಿ ಕಾರಣವೂ ಬೇರೆ. ಒಂದೇ ಕಡೆ ಗಟ್ಟಿಯಾಗಿ ನಿಂತ ಇಳಿಕೆ ಎಂದರೆ ನಾಲಿಗೆಯ ತೂಕ ಅಥವಾ ಬಿಗಿ ಬದಲಾಗಿದೆ. ಓಲಾಟ ಎಂದರೆ ಸ್ಕ್ರೂ ಅಥವಾ ರಿವೆಟ್ ಸಡಿಲ. ತಡವಾಗಿ ಬಾಯಿ ಬಿಟ್ಟರೆ ಹೆಚ್ಚಾಗಿ ಗಾಳಿ ಸೋರಿಕೆ. ಜಿರ್ರೆಂದರೆ ಸೀಳಿನಲ್ಲಿ ಏನೋ ಸಿಕ್ಕಿಕೊಂಡಿದೆ, ಅಥವಾ ನಾಲಿಗೆ ಪಕ್ಕಕ್ಕೆ ಸರಿದು ಅಂಚಿಗೆ ತಾಗುತ್ತಿದೆ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಬಿಳಿ ಆರು 14 ಸೆಂಟ್ ಕೆಳಗೆ ಎಂದಾಗ ನಾನೂ ಒಂದು ಕ್ಷಣ ತಡೆದೆ. ಒಬ್ಬರೇ ಗಾಯಕರಿಗೆ ಒಂದೇ ಶ್ರುತಿಯಲ್ಲಿ ಬಾರಿಸುವ ಪೆಟ್ಟಿಗೆಯಲ್ಲಿ ಗಾಂಧಾರವನ್ನು ಬೇಕೆಂದೇ 14 ಸೆಂಟ್ ಇಳಿಸಿ ಕೂರಿಸುವುದು ಇದೆ. ತಂಬೂರಿಗೆ ಹೊಂದುವ ಶುದ್ಧ ಗಾಂಧಾರ ಇರುವುದು ಅಲ್ಲೇ. ಆ್ಯಪ್ ಮಾತ್ರ 12 ಮನೆಗಳನ್ನೂ ಸಮವಾಗಿ ಹಂಚಿ ನೋಡುತ್ತದೆ, ಅದಕ್ಕೆ ಇದು ತಪ್ಪಾಗಿ ಕಾಣುತ್ತದೆ. ಬಿಳಿ ನಾಲ್ಕನ್ನು ಷಡ್ಜ ಮಾಡಿದರೆ ಬಿಳಿ ಆರು ಗಾಂಧಾರವೇ. ಆದರೆ ಈ ಪೆಟ್ಟಿಗೆಯಲ್ಲಿ ಅದೇ ಮನೆಯ ಬಾಸ್ ರೀಡು ಸರಿಯಾಗಿ 220 ಹರ್ಟ್ಸ್‌ನಲ್ಲಿತ್ತು. ಬೇಕೆಂದೇ ಇಳಿಸಿದವರು ಎರಡನ್ನೂ ಇಳಿಸುತ್ತಿದ್ದರು. ಮೇಲ್ ರೀಡು ಇದ್ದದ್ದು 436.5ರಲ್ಲಿ. ಬಾಸಿನ ದನಿಯೊಳಗೇ ಕೇಳುವ, ಅದರ ಎರಡು ಪಟ್ಟಿನ ಮೇಲಿನ ಸ್ವರ 440. ಎರಡೂ ಒಟ್ಟಿಗೆ ಬಾರಿಸಿದಾಗ ಸೆಕೆಂಡಿಗೆ ಮೂರೂವರೆ ಸಲ "ವಾಂವ್ ವಾಂವ್" ಎಂದು ಅಲೆ ಏಳುತ್ತಿತ್ತು. ಭಜನೆಯವರ ಕಿವಿಗೆ ಚುಚ್ಚುತ್ತಿದ್ದದ್ದು ಈ ಅಲೆ.

ಎರಡನೇ ಹೆಜ್ಜೆ: ಒಣಗಿಸುವುದು

ಪೇಟೆಯಲ್ಲಿ ಸಿಗುವ ಸಣ್ಣ ಡಿಜಿಟಲ್ ತೇವಮಾಪಕ ಒಂದು ತನ್ನಿ. ಮಂದಿರದಲ್ಲಿ ಅದು 88 ತೋರಿಸಿತು. ನಾವು ಹೋಗಬೇಕಾದದ್ದು 60ರ ಆಸುಪಾಸಿಗೆ. ಕನಿಷ್ಠ 75ರಿಂದ ಕೆಳಗೆ, ಉಪ್ಪು ಒಣಗಿರಲಿ ಎಂದು. 40ರಿಂದ ಕೆಳಗೆ ಹೋಗುವುದು ಬೇಡ, ಮರ ಬಿರಿಯುತ್ತದೆ.

ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿದ್ದೇವೆ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಪೆಟ್ಟಿಗೆಯಲ್ಲಿ 6 ಕೆಜಿ ಮರ ಇದೆ ಎನ್ನಿ. 88ರ ತೇವದಲ್ಲಿ ವಾರಗಟ್ಟಲೆ ಕೂತ ಮರದಲ್ಲಿ ಅದರ ಒಣ ತೂಕದ ಶೇಕಡಾ 19ರಷ್ಟು ನೀರು ಇರುತ್ತದೆ. 65ಕ್ಕೆ ಇಳಿಸಿದರೆ 12ರ ಹತ್ತಿರ ಬರುತ್ತದೆ. ಅಂದರೆ ಹೊರಗೆ ಬರಬೇಕಾದ ನೀರು ಸುಮಾರು 400 ಗ್ರಾಂ, ಎರಡು ಲೋಟ! ಅರ್ಧ ಕೆಜಿ ಸಿಲಿಕಾ ಜೆಲ್ ಒಂದು ಸಲಕ್ಕೆ 125ರಿಂದ 150 ಗ್ರಾಂ ನೀರು ಹಿಡಿಯುತ್ತದೆ. ಆ ಸಣ್ಣ ಪೊಟ್ಟಣಗಳಿಂದ ಏನೂ ಆಗುವುದಿಲ್ಲ.

ಹಾಗಾಗಿ ಅರ್ಧ ಕೆಜಿ ಜೆಲ್ ಬಿಡಿಯಾಗಿ ತನ್ನಿ, ಬಣ್ಣ ಬದಲಾಗುವ ಕಿತ್ತಳೆ ಹರಳಿನದ್ದು ಒಳ್ಳೆಯದು. ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಕಟ್ಟಿ. ಹಾರ್ಮೋನಿಯಂನ ಮೇಲಿನ ಮುಚ್ಚಳ ತೆರೆದಿಟ್ಟು, ಜೆಲ್ ಜೊತೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಇಡೀ ಪೆಟ್ಟಿಗೆಯನ್ನು ಸುತ್ತಿ, ಅಂಚಿಗೆ ಟೇಪ್ ಹಾಕಿ. ತೇವಮಾಪಕವೂ ಒಳಗೇ ಇರಲಿ, ಹೊರಗಿನಿಂದ ಕಾಣುವ ಹಾಗೆ. ಹರಳಿನ ಬಣ್ಣ ಬದಲಾದರೆ ತೆಗೆದು 110-120 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿ, ಅಥವಾ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿ, ಮುಚ್ಚಿದ ಡಬ್ಬದಲ್ಲಿ ತಣಿಸಿ ಪುನಃ ಇಡಿ. ಮೂರು ನಾಲ್ಕು ಸಲ ಹೀಗೆ ಮಾಡಬೇಕಾಗುತ್ತದೆ. ಮಂದಿರದಲ್ಲಿ 12 ದಿನ ಹಿಡಿಯಿತು.

ಕಪಾಟು ಇದ್ದರೆ ಹಳೆಯ ಉಪಾಯವೇ ಸಾಕು. 15 ಅಥವಾ 25 ವ್ಯಾಟಿನ ತಂತಿ ಬಲ್ಬ್ ಒಂದನ್ನು ಕೆಳಗಿನ ಅರೆಯಲ್ಲಿ ಉರಿಸಿ. ಹಾರ್ಮೋನಿಯಂ ಮೇಲಿನ ಅರೆಯಲ್ಲಿರಲಿ, ಬಲ್ಬಿಗೂ ಅದಕ್ಕೂ ಒಂದು ಅಡಿಗಿಂತ ಕಡಿಮೆ ಬೇಡ, ಹತ್ತಿರ ಬಟ್ಟೆ ಕಾಗದ ಏನೂ ಇರಬಾರದು. ಬಲ್ಬ್ ನೀರನ್ನು ಹೀರುವುದಿಲ್ಲ, ಗಾಳಿಯನ್ನು ಬೆಚ್ಚಗೆ ಮಾಡುತ್ತದೆ ಅಷ್ಟೇ. ಆದರೆ ಅದರಿಂದಲೇ ಕೆಲಸ ಆಗುತ್ತದೆ. 26 ಡಿಗ್ರಿಯಲ್ಲಿ 90 ತೇವಾಂಶ ಇರುವ ಗಾಳಿಯನ್ನು 31 ಡಿಗ್ರಿಗೆ ತಂದರೆ ತೇವಾಂಶ 67ಕ್ಕೆ ಇಳಿಯುತ್ತದೆ. ಉಪ್ಪಿನ ಗಡಿಯಿಂದ ಕೆಳಗೆ ಬಂದ ಹಾಗಾಯಿತು. ಎಲ್‌ಇಡಿ ಬಲ್ಬ್ ಹಾಕಿ ಕಾಯಬೇಡಿ, ಅದಕ್ಕೆ ಅಷ್ಟು ಶಾಖ ಇಲ್ಲ.

ನಮ್ಮ ಕಡೆ ಎರಡು ಆಸೆ ಬರುತ್ತದೆ. ಒಂದು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಇಟ್ಟುಬಿಡೋಣ ಎಂದು. ಬಿಸಿಲು ಬಂದರೆ ಅಲ್ಲಿ ಅಡಿಕೆಗೆ ಬೇಕಾದಷ್ಟು ಬಿಸಿ ಇರುತ್ತದೆ, ಹಾರ್ಮೋನಿಯಂಗೆ ಅದು ವಿಪರೀತ. ತಿದಿಯ ಅಂಟು ಬಿಡುತ್ತದೆ, ಹಲಗೆ ಬಿರಿಯುತ್ತದೆ. ಇನ್ನೊಂದು, ಒಲೆಯ ಮೇಲಿನ ಅಟ್ಟ. ಮರ ಒಣಗುತ್ತದೆ ನಿಜ, ಆದರೆ ಹೊಗೆಯ ಮಸಿ ಮತ್ತು ಹುಳಿ ರೀಡಿನ ಮೇಲೆ ಕೂರುತ್ತದೆ. ಕೊಳೆ ತೆಗೆಯಲು ಹೋಗಿ ಕೊಳೆ ಹಾಕಿದ ಹಾಗೆ.

ಒಣಗಿದ ಮೇಲೆ ಪುನಃ ಅಳೆಯಿರಿ. ಮಂದಿರದ ಬಾಸಿನ ಬಿಳಿ ಒಂದು ಇಷ್ಟರಲ್ಲೇ ಸರಿಯಾಗಿತ್ತು, ಹಲಗೆ ತನ್ನ ಜಾಗಕ್ಕೆ ಬಂದು ಸೋರಿಕೆ ನಿಂತಿತ್ತು. ಸೋರಿಕೆ ನೋಡಲು ಒಂದು ಸುಲಭದ ದಾರಿ ಇದೆ. ತಿದಿ ಪೂರ್ತಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ, ಒಳಗಿನ ಸ್ಪ್ರಿಂಗ್ ತಿದಿ ಬರಿದಾಗಲು ಎಷ್ಟು ಸೆಕೆಂಡ್ ಎಂದು ಎಣಿಸಿ. ಇಂತಿಷ್ಟೇ ಇರಬೇಕು ಎಂದಿಲ್ಲ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಜನವರಿಯಲ್ಲಿ ನಿಮ್ಮದೇ ಪೆಟ್ಟಿಗೆಯಲ್ಲಿ ಎಣಿಸಿ ಬರೆದಿಟ್ಟುಕೊಂಡರೆ ಜುಲೈಯಲ್ಲಿ ಹೋಲಿಸಬಹುದು. ಬಿಳಿ ಆರು ಮಾತ್ರ 14ರಿಂದ 12ಕ್ಕೆ ಬಂದು ನಿಂತಿತ್ತು. ಅಂದರೆ ಕೊಳೆಯೊಳಗಿನ ನೀರು ಹೋಗಿದೆ, ಕೊಳೆ ಹೋಗಿಲ್ಲ.

ಮೂರನೇ ಹೆಜ್ಜೆ: ಹಲಗೆ ಬಿಚ್ಚಿ ಶುಚಿ ಮಾಡುವುದು

ಮುಚ್ಚಳ ತೆಗೆದು, ಮನೆಗಳ ಹಲಗೆಯನ್ನು ಹಿಡಿದಿರುವ ಕೊಂಡಿ ಅಥವಾ ಸ್ಕ್ರೂ ಬಿಚ್ಚಿ, ಹಲಗೆಯನ್ನು ಮೆಲ್ಲ ಎತ್ತಿ ತಿರುಗಿಸಿ. ಹೆಚ್ಚಿನ ಪೆಟ್ಟಿಗೆಗಳಲ್ಲಿ ರೀಡುಗಳು ಅಡಿಯಲ್ಲಿ ಸಾಲಾಗಿ ಕೂತಿರುತ್ತವೆ. ಬಿಚ್ಚುವ ಪ್ರತಿ ಹಂತದಲ್ಲೂ ಒಂದು ಫೋಟೋ ತೆಗೆದಿಡಿ. ರೀಡುಗಳನ್ನು ಬೆರಳಲ್ಲಿ ಮುಟ್ಟಬೇಡಿ, ಬೆವರಿನಲ್ಲಿ ಇರುವುದೂ ಉಪ್ಪೇ. ಬಾಯಿಂದ ಊದುವ ಅಭ್ಯಾಸ ಹಲವರಿಗೆ ಇದೆ. ಉಸಿರಿನ ಹಬೆ ಬಿದ್ದರೆ ಒಣಗಿಸಿದ್ದು ದಂಡ.

ಒಣಗಿದ ಮೆತ್ತಗಿನ ಪೇಂಟ್ ಬ್ರಷ್ ತೆಗೆದುಕೊಳ್ಳಿ. ಬುಡದಿಂದ ತುದಿಯ ಕಡೆಗೆ ಮಾತ್ರ ಎಳೆಯಿರಿ. ತುದಿಯಿಂದ ಬುಡಕ್ಕೆ ಎಳೆದರೆ ಕೂದಲು ನಾಲಿಗೆಯ ಅಡಿಗೆ ಸಿಕ್ಕಿ ಅದನ್ನು ಎತ್ತಿಬಿಡುತ್ತದೆ. ಬ್ರಷ್‌ಗೆ ಬಗ್ಗದ ಕೊಳೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ನಾಲಿಗೆಯ ಅಡಿಗೆ ತೆಳ್ಳಗಿನ ಹಿತ್ತಾಳೆ ಪಟ್ಟಿ ಅಥವಾ ಗಟ್ಟಿ ಕಾಗದ ತೂರಿಸಿ ಆಧಾರ ಕೊಟ್ಟು ಉಜ್ಜಿ, ಇಲ್ಲದಿದ್ದರೆ ನಾಲಿಗೆ ಬಾಗುತ್ತದೆ. ಸೀಳಿನ ಅಂಚಿನಲ್ಲಿ ಕೂತ ನಾರು ತೆಗೆಯಲು ತೆಳು ಕಾಗದವನ್ನು ನಾಲಿಗೆಯ ಬದಿಯಲ್ಲಿ ಜಾರಿಸಿ. ಜಿರ್ರೆನ್ನುತ್ತಿದ್ದ ತಾರದ ಬಿಳಿ ಎರಡರಲ್ಲಿ ಸಿಕ್ಕಿದ್ದು ಕೆಂಪು ಶಾಲಿನ ಒಂದು ಎಳೆ.

ಹಿತ್ತಾಳೆ ಎಂದ ಕೂಡಲೇ ನಮ್ಮ ಕೈ ಹುಣಸೆಹುಳಿಗೆ ಹೋಗುತ್ತದೆ. ದೀಪ ತಿಕ್ಕಿದ ಹಾಗೆ ರೀಡು ತಿಕ್ಕಿದವರನ್ನು ನಾನು ನೋಡಿದ್ದೇನೆ. ಫಳಫಳ ಎನ್ನುತ್ತಿತ್ತು. ಎರಡು ತಿಂಗಳಲ್ಲಿ ಇಡೀ ಸಾಲು ಹಸಿರಾಯಿತು. ಹುಳಿ ಹಿತ್ತಾಳೆಯನ್ನೇ ತಿನ್ನುತ್ತದೆ, ರಿವೆಟಿನ ಸಂದಿಗೆ ಹೋದ ಹುಳಿಯನ್ನು ತೊಳೆದು ತೆಗೆಯಲು ಆಗುವುದಿಲ್ಲ. ತೆಂಗಿನೆಣ್ಣೆ ಸವರುವುದೂ ಬೇಡ. ಎಣ್ಣೆಯೂ ತೂಕವೇ, ಮೇಲಾಗಿ ಧೂಳನ್ನು ಕರೆದು ಕೂರಿಸುತ್ತದೆ. ಕಿಲುಬು ಒಣಗಿ ಪುಡಿಯಾಗಿದ್ದರೆ ಬ್ರಷ್‌ನಲ್ಲಿ ಹೋದಷ್ಟು ಹೋಗಲಿ. ಕಪ್ಪಾದ ಬಣ್ಣ ಹಾಗೇ ಇರಲಿ, ಅದರಿಂದ ತೊಂದರೆ ಇಲ್ಲ.

ಬಿಳಿ ಆರರ ತುದಿಯಲ್ಲಿ ಕಂದು ಬಣ್ಣದ ಅಂಟು ಕೊಳೆ, ಅದರಡಿಯಲ್ಲಿ ಹಸಿರು ಪುಡಿ ಇತ್ತು. ಆರೇಳು ಸಲ ಬ್ರಷ್ ಎಳೆದೆ. ಹಲಗೆ ಕೂರಿಸಿ ಅಳೆದಾಗ 3 ಸೆಂಟ್ ಕೆಳಗೆ. ಬಾಸಿನ ಜೊತೆ ಬಾರಿಸಿದರೆ ಅಲೆ ನಾಲ್ಕು ಸೆಕೆಂಡಿಗೆ ಮೂರು ಮಾತ್ರ. ಅಲ್ಲಿಗೇ ಬಿಟ್ಟೆ. ಬಿಡಲು ಕಾರಣ ಇದೆ, ಕೆಳಗೆ ಹೇಳುತ್ತೇನೆ.

ಸ್ಕ್ರೂಗಳನ್ನು ಬಿಗಿ ಮಾಡಬೇಕಾದದ್ದು ಮರ ಒಣಗಿದ ಮೇಲೆಯೇ. ಹಿಗ್ಗಿದ ಮರದಲ್ಲಿ ಬಿಗಿ ಮಾಡಿದರೆ ಚೌಕಟ್ಟು ಬಾಗುತ್ತದೆ, ಅಥವಾ ತೂತಿನ ಎಳೆ ಹರಿಯುತ್ತದೆ. ಕಪ್ಪು ಮೂರರ ಒಂದು ಸ್ಕ್ರೂ ಅರ್ಧ ಸುತ್ತು ತಿರುಗಿತು, ಓಲಾಟ ನಿಂತಿತು. ಸುಮ್ನೆ ತಿರುಗುತ್ತಲೇ ಇರುವ ಸ್ಕ್ರೂ ಆದರೆ ತೂತಿಗೆ ಹಲ್ಲುಕಡ್ಡಿಯ ತುಂಡಿಗೆ ತುಸು ಮರದ ಅಂಟು ಹಚ್ಚಿ ತೂರಿಸಿ, ಒಂದು ದಿನ ಬಿಟ್ಟು ಹಾಕಿ. ಸ್ಕ್ರೂ ಬಿಗಿ ಇದ್ದೂ ಶ್ರುತಿ ಓಲಾಡಿದರೆ ರಿವೆಟ್ ಸಡಿಲ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ನಾಲ್ಕನೇ ಹೆಜ್ಜೆ: ಅರ, ಅದೂ ಮಳೆ ಮುಗಿದ ಮೇಲೆ

ಕಳೆದ ವರ್ಷ ಜುಲೈಯಲ್ಲಿ ರಿಪೇರಿಗೆ ಬಂದವರು ಏನು ಮಾಡಿದ್ದರು ಎಂಬುದು ತಾರದ ಬಿಳಿ ಐದರಲ್ಲಿ ಗೊತ್ತಾಯಿತು. ಶುಚಿ ಮಾಡುವ ಮೊದಲು ಆ ಮನೆ ಗುಂಪಿನ ಜೊತೆಗೇ ಇತ್ತು. ಶುಚಿ ಮಾಡಿದ ಮೇಲೆ 9 ಸೆಂಟ್ ಮೇಲೆ ಹಾರಿತು! ಲೆನ್ಸ್ ಹಿಡಿದು ನೋಡಿದರೆ ತುದಿಯಲ್ಲಿ ಹೊಸ ಅರದ ಗೀರುಗಳು. ರೀಡು ಇಳಿದದ್ದು ಕೊಳೆಯಿಂದ. ಅವರು ಕೊಳೆಯನ್ನು ಬಿಟ್ಟು ತುದಿಯ ಹಿತ್ತಾಳೆಯನ್ನು ಕೆರೆದು ಶ್ರುತಿ ಏರಿಸಿದ್ದರು. ಆವತ್ತಿಗೆ ಸರಿಯಾಗಿ ಕೇಳಿಸಿರುತ್ತದೆ. ಕೊಳೆಯನ್ನು ಪುನಃ ತೆಗೆಯಬಹುದು, ಕೆರೆದ ಹಿತ್ತಾಳೆಯನ್ನು ಪುನಃ ಅಂಟಿಸಲು ಆಗುತ್ತದಾ?

ಅದಕ್ಕೇ ನಾನು ಆಗಸ್ಟಿನಲ್ಲಿ ಅರ ಮುಟ್ಟಲಿಲ್ಲ. ಅಕ್ಟೋಬರ್-ನವೆಂಬರಿನ ಗುಡುಗು ಮಳೆಯೂ ಮುಗಿದು, ಡಿಸೆಂಬರಿನಲ್ಲಿ ಮೂರು ವಾರ ಒಣ ಹವೆ ಸಿಕ್ಕಿದ ಮೇಲೆ ಪುನಃ ಎಲ್ಲ ಮನೆಗಳನ್ನೂ ಅಳೆದೆ. ಬಿಳಿ ಆರು ಕೆಳಗಿನ 3ರಿಂದ 1ಕ್ಕೆ ಬಂದಿತ್ತು. ಗುಂಪಿನಿಂದ 3 ಸೆಂಟಿನೊಳಗೆ ಇರುವುದನ್ನು ಭಜನೆಯ ಪೆಟ್ಟಿಗೆಯಲ್ಲಿ ಮುಟ್ಟಬೇಕಾಗಿಲ್ಲ. ಬಿಳಿ ಐದು ಮಾತ್ರ 9ರಲ್ಲೇ ಇತ್ತು.

ನಿಯಮ ಇಷ್ಟೇ. ತುದಿಯಲ್ಲಿ ಕೆರೆದರೆ ತೂಕ ಕಡಿಮೆಯಾಗಿ ಶ್ರುತಿ ಏರುತ್ತದೆ. ಬುಡದ ಹತ್ತಿರ ಕೆರೆದರೆ ಬಿಗಿ ಕಡಿಮೆಯಾಗಿ ಶ್ರುತಿ ಇಳಿಯುತ್ತದೆ. ಬಿಳಿ ಐದನ್ನು ಇಳಿಸಬೇಕು, ಹಾಗಾಗಿ ಬುಡ. ನಾಲಿಗೆಯ ಅಡಿಗೆ 0.1 ಮಿಲಿಮೀಟರ್ ಪಟ್ಟಿ ತೂರಿಸಿ, ರಿವೆಟಿನಿಂದ ತುಸು ಮುಂದೆ, ಅತಿ ನಯವಾದ ಚಪ್ಪಟೆ ಅರದಲ್ಲಿ ಉದ್ದಕ್ಕೆ ಮೂರು ಸಲ ಮೆತ್ತಗೆ ಎಳೆದೆ. ಅಡ್ಡಕ್ಕೆ ಎಳೆಯಬಾರದು, ಅಡ್ಡ ಗೀರಿನಲ್ಲೇ ನಾಲಿಗೆ ಮುಂದೊಂದು ದಿನ ಮುರಿಯುವುದು. ಪುಡಿಯನ್ನು ಬ್ರಷ್‌ನಲ್ಲಿ ತೆಗೆದು ಹತ್ತು ನಿಮಿಷ ಬಿಟ್ಟೆ. ಉಜ್ಜಿದ ಬಿಸಿಗೆ ನಾಲಿಗೆ ಮೆತ್ತಗಾಗಿರುತ್ತದೆ, ಆಗಲೇ ಅಳೆದರೆ ನಿಜಕ್ಕಿಂತ ಕೆಳಗೆ ತೋರಿಸುತ್ತದೆ. 9ರಿಂದ 6ಕ್ಕೆ ಬಂದಿತ್ತು. ಇನ್ನೂ ಮೂರು ಎಳೆತ, ಹತ್ತು ನಿಮಿಷ, 4. ಆಮೇಲೆ ಎರಡೇ ಎಳೆತ, 2. ಅಲ್ಲಿ ನಿಲ್ಲಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದೆ, 2ರಲ್ಲೇ ನಿಂತಿತ್ತು. ಬಾಸಿನ ಜೊತೆ ಅಲೆ ಮೊದಲು ಸೆಕೆಂಡಿಗೆ ನಾಲ್ಕು ಇದ್ದದ್ದು ಈಗ ಒಂದಕ್ಕೆ ಬಂದಿತ್ತು.

ಈ ರೀಡು ತುದಿಯಲ್ಲೂ ಬುಡದಲ್ಲೂ ತೆಳ್ಳಗಾಗಿದೆ. ಇನ್ನೊಂದು ಸಲ ಕೆರೆಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮುಂದೆ 5 ಸೆಂಟ್ ಸರಿದರೆ ಹೊಸದು ಹಾಕಬೇಕು. ಹೊಸದು ತರಿಸುವಾಗ ಹಳೆಯ ರೀಡನ್ನೇ ಕಳಿಸಿ. ಸ್ವರ ಒಂದೇ ಹೇಳಿದರೆ ಸಾಲದು, ಚೌಕಟ್ಟಿನ ಉದ್ದ, ಅಗಲ ಮತ್ತು ಸ್ಕ್ರೂ ತೂತುಗಳ ಅಂತರ ಹೊಂದಬೇಕು. ಹಾಗೆಯೇ ಇದ್ದಕ್ಕಿದ್ದಂತೆ ಒಂದು ರೀಡು 30-40 ಸೆಂಟ್ ಬಿದ್ದು, ದಿನದಿನಕ್ಕೆ ಇನ್ನೂ ಇಳಿಯುತ್ತಿದ್ದರೆ ಅದು ಕೊಳೆ ಅಲ್ಲ. ಬುಡದಲ್ಲಿ ಬಿರುಕು ಬಿಟ್ಟಿದೆ. ಅದನ್ನು ಶುಚಿ ಮಾಡುತ್ತಾ ಕೂರುವುದು ಬೇಡ.

ಮಂದಿರದಲ್ಲಿ ಈಗ ಹಾರ್ಮೋನಿಯಂ ನೆಲದಿಂದ ಎರಡು ಅಡಿ ಎತ್ತರದ ಕಪಾಟಿನಲ್ಲಿದೆ. ಕೆಳಗಿನ ಅರೆಯಲ್ಲಿ 15 ವ್ಯಾಟಿನ ಬಲ್ಬ್, ಮೇ ಕೊನೆಯಿಂದ ಅಕ್ಟೋಬರ್ ತನಕ ಉರಿಯುತ್ತದೆ. ಭಜನೆ ಮುಗಿದ ಕೂಡಲೇ ರೆಕ್ಸಿನ್ ಹೊದಿಕೆ ಹಾಕುವುದಿಲ್ಲ, ಒಂದು ಹತ್ತಿ ಪಂಚೆ ಹೊದಿಸುತ್ತಾರೆ. ಅಳತೆಯ ಪುಸ್ತಕವನ್ನು ಕಪಾಟಿನ ಬಾಗಿಲಿಗೆ ದಾರ ಕಟ್ಟಿ ನೇತುಹಾಕಿದ್ದಾರೆ. ಕಳೆದ ಆಟಿಯಲ್ಲಿ ಪುನಃ ಫೋನ್ ಬಂತು. "ಮಾಷ್ಟ್ರೇ, ಕಪ್ಪು ಎರಡು 4 ಸೆಂಟ್ ಕೆಳಗೆ ತೋರಿಸ್ತಾ ಇದೆ, ಏನು ಮಾಡುವುದು?" ಡಿಸೆಂಬರಿನಲ್ಲಿ ನೋಡುವ ಎಂದೆ.